ಸರಾಸರಿಯ ಮರೆಯಲ್ಲಿ ಉಳಿದ ಒಂದು ಟಿಕ್

ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಟಿಕ್ ಓಡಬೇಕು, ಅಂದರೆ ಒಂದು ಟಿಕ್‌ಗೆ ಸಿಗುವ ಸಮಯ 50 ಮಿಲಿಸೆಕೆಂಡ್. ಮೂವರೇ ಆಡುತ್ತಿದ್ದಾರೆ, ಪ್ರತಿ ಟಿಕ್ 8 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದೆ, ಆದರೂ ಐದು ನಿಮಿಷಕ್ಕೊಮ್ಮೆ ಎಲ್ಲವೂ ಗಕ್ಕನೆ ನಿಲ್ಲುತ್ತದೆ ಎಂದುಕೊಳ್ಳಿ. ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಕೂತು ದೂರದ ಸರ್ವರಿನಲ್ಲಿ ಆಡುವವರು ಮೊದಲು ಇಂಟರ್ನೆಟ್ಟನ್ನು ದೂರುವುದು ಸಹಜ. ಆದರೆ ಬೇರೆ ಬೇರೆ ಊರಿನ ಮೂವರಿಗೂ ಒಂದೇ ಕ್ಷಣದಲ್ಲಿ ತಡೆದರೆ ತಪ್ಪು ಸರ್ವರಿನದೇ ಇರುವ ಸಾಧ್ಯತೆ ಹೆಚ್ಚು. ನಿಮಿಷದ 1,200 ಟಿಕ್‌ಗಳಲ್ಲಿ ಒಂದು ಮಾತ್ರ 900 ಮಿಲಿಸೆಕೆಂಡ್ ತಿಂದರೂ ಸರಾಸರಿ 8.75ನ್ನು ದಾಟುವುದಿಲ್ಲ. ಹಿಂದೆ ಬಿದ್ದ ಟಿಕ್‌ಗಳನ್ನು ಸರ್ವರ್ ಬೇಗ ಓಡಿಸಿ ಸರಿದೂಗಿಸುವುದರಿಂದ ನಿಮಿಷದ ಟಿಪಿಎಸ್ ಸಹ ಇಪ್ಪತ್ತರ ಹತ್ತಿರವೇ ಇರುತ್ತದೆ. `Can't keep up!` ಎಂಬ ಎಚ್ಚರಿಕೆ ಬರುವುದು ಎರಡು ಸೆಕೆಂಡಿಗಿಂತ ಹೆಚ್ಚು ಹಿಂದೆ ಬಿದ್ದಾಗ. ಈ 900 ಲಾಗ್‌ನಲ್ಲಿ ಕಾಣುವುದೇ ಇಲ್ಲ.

ಅಳೆಯುವ ಸಾಧನಗಳು ಬೆಳೆದ ದಾರಿ ಈ ಒಂದು ಟಿಕ್ಕನ್ನು ಹಿಡಿಯುವತ್ತಲೇ ಸಾಗಿದೆ ಎಂಬುದು ನನ್ನ ವಾದ. ಬುಕ್ಕಿಟ್ ಕಾಲದಿಂದ ಬಂದ, ಐಕರ್ ಬೆಳೆಸಿದ ಟೈಮಿಂಗ್ಸ್, ಪ್ಲಗಿನ್ನಿನ ಪ್ರತಿ ಕೆಲಸದ ಆರಂಭ, ಅಂತ್ಯ ಗುರುತಿಟ್ಟು ಮೊತ್ತ ಕೂಡುತ್ತಿತ್ತು. ಯಾವ ಪ್ಲಗಿನ್ ಎಷ್ಟು ತಿಂದಿತೆಂದು ಹೆಸರು ಹಿಡಿದು ಹೇಳಿದ್ದು ದೊಡ್ಡ ಹೆಜ್ಜೆ. ಆದರೆ ಗುರುತಿಡದ ಜಾಗದಲ್ಲಿ ಅದು ಕುರುಡು. ವಾರ್ಮ್‌ರೋಸ್ಟ್ ಬೇರೆ ದಾರಿ ಹಿಡಿದು, ಈ ಕ್ಷಣ ಯಾವ ಕೋಡ್ ಓಡುತ್ತಿದೆ ಎಂದು ಆಗಾಗ ಇಣುಕಿ ನೋಡಿತು. ಅದರ ಮೇಲೆ ಕಟ್ಟಿದ ಸ್ಪಾರ್ಕ್ ಇಂದು ಪೇಪರ್ ಸರ್ವರಿನ ಜೊತೆಗೇ ಬರುತ್ತದೆ. ಸ್ಪಾರ್ಕ್ ತಂದ ನಿಜವಾದ ಬದಲಾವಣೆ ನಿಧಾನದ ಟಿಕ್‌ಗಳನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಬಿಸಾಡುವುದು:

```
/spark profiler start --only-ticks-over 100
```

ಹೀಗೆ ಸೋಸದಿದ್ದರೆ ಆ ನಿಮಿಷದ ವರದಿಯಲ್ಲಿ ತಪ್ಪಿತಸ್ಥನ ಪಾಲು ಶೇ. 9ರ ಆಸುಪಾಸು, ಸೋಸಿದರೆ ಅದೇ ಇಡೀ ವರದಿ. 4 ಮಿಲಿಸೆಕೆಂಡಿಗೊಮ್ಮೆ ಇಣುಕಿದರೂ 900ಕ್ಕೆ ಇನ್ನೂರಕ್ಕೂ ಹೆಚ್ಚು ಮಾದರಿ ಸಿಗುತ್ತವೆ, ತೀರ್ಮಾನಕ್ಕೆ ಸಾಕು.

ಪ್ಲಗಿನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಆಗದೇ ಎಂಬ ಆಕ್ಷೇಪವಿದೆ. ಐದು ನಿಮಿಷಕ್ಕೊಮ್ಮೆ ಬರುವ ತಡೆಗೆ ಅದು ನಿಧಾನದ ದಾರಿ, ದಾರಿ ತಪ್ಪಿಸುವುದೂ ಉಂಟು. ಸರ್ವರಿನ ಆಟೋಸೇವ್ ಸಹ ಸಾಮಾನ್ಯವಾಗಿ 6,000 ಟಿಕ್, ಅಂದರೆ ಐದೇ ನಿಮಿಷ. ಆದ್ದರಿಂದ ಅವಧಿ ಹೊಂದಿದ ಮಾತ್ರಕ್ಕೆ ಸಾಕ್ಷ್ಯವಾಗದು. `Server thread` ಅಡಿಯಲ್ಲಿ ಪ್ಲಗಿನ್ನಿನ ಹೆಸರು, ಅದರೊಳಗೆ ಡೇಟಾಬೇಸ್ ಉತ್ತರಕ್ಕೆ ಕಾಯುವ ಸಾಲು ಕಂಡರೆ, ಮುಖ್ಯ ಥ್ರೆಡ್ಡಿನಲ್ಲೇ ಬರೆಯುವ ಪ್ಲಗಿನ್ ಸಿಕ್ಕಿತು; ಆಗ ಅದನ್ನು ತೆಗೆದು ಖಚಿತಪಡಿಸಿಕೊಳ್ಳಿ. ಸಿಪಿಯು ಓಡುವಾಗ ಮಾತ್ರ ಎಣಿಸುವ ವಿಧಾನದಲ್ಲಿ ಇಂಥ ಕಾಯುವಿಕೆ ತಪ್ಪಿಹೋಗಬಹುದು, ವರದಿ ಖಾಲಿ ಎನಿಸಿದರೆ `--force-java-sampler` ಸೇರಿಸಿ ಮತ್ತೆ ನೋಡಬೇಕು. ಪ್ಲಗಿನ್ನಿನ ಬದಲು ವಿಲೇಜರ್‌ಗಳ ದಾರಿ ಹುಡುಕಾಟ ಕಂಡರೆ ಸ್ಪಾರ್ಕ್ ಜಾತಿಯನ್ನು ಹೇಳುತ್ತದೆಯೇ ಹೊರತು ಯಾವ ಊರಿನ ವಿಲೇಜರ್ ಎಂದಲ್ಲ. ಅವು ಯಾವ ಚಂಕ್‌ನಲ್ಲಿ ಗುಂಪಾಗಿವೆ ಎಂಬುದಕ್ಕೆ ಪೇಪರ್‌ನ `/paper entity list` ಬೇಕು.