ಮನೆ ಹಿತ್ತಲಲ್ಲಿ ಒಂದು ಹಸು: ವರ್ಷಕ್ಕೆ ಕೈಗೆ ಎಷ್ಟು ಉಳಿಯುತ್ತೆ?

ಕೊಳ್ಳೇಗಾಲ: ಹಸು ಮಾರೋರು 'ದಿನಕ್ಕೆ 15 ಲೀಟರ್ ಗ್ಯಾರಂಟಿ' ಅಂತಾರೆ. ಅದು ಕರು ಹಾಕಿದ ಮೊದಲ ಎರಡು ತಿಂಗಳ ಮಾತು. ಆಮೇಲೆ ಹಾಲು ಇಳೀತಾ ಹೋಗುತ್ತೆ. ಹಾಗಾಗಿ ಲೆಕ್ಕ ಹಾಕೋವಾಗ 300 ದಿನಕ್ಕೆ ಸರಾಸರಿ 10 ಲೀಟರ್ ಹಿಡಿಯಿರಿ, ಅಂದ್ರೆ 3,000 ಲೀಟರ್. ಉಳಿದ 65 ದಿನ ಹಸು ಬತ್ತಿರುತ್ತೆ, ತಿನ್ನೋದು ಮಾತ್ರ ನಿಲ್ಲಲ್ಲ.

ಡೇರಿಯಲ್ಲಿ ಲೀಟರ್‌ಗೆ 35 ರೂ. ಸಿಕ್ಕರೆ ವರ್ಷಕ್ಕೆ 1,05,000 ರೂ. (ಇಲ್ಲಿರೋ ದರಗಳೆಲ್ಲ ಉದಾಹರಣೆಗೆ, ನಿಮ್ಮೂರಿನ ದರ ಹಾಕಿಕೊಳ್ಳಿ.) ಫ್ಯಾಟ್, ಎಸ್‌ಎನ್‌ಎಫ್ ಕಮ್ಮಿ ಬಂದ್ರೆ ದರವೂ ಇಳಿಯುತ್ತೆ.

ದೊಡ್ಡ ಖರ್ಚು ಫೀಡ್. ಹಸುವಿನ ಮೈಗೆ ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಹತ್ತು ಲೀಟರ್ ಹಸುವಿಗೆ ಐದೂವರೆ ಕೆ.ಜಿ. ಆಯ್ತು. ಕೆ.ಜಿ.ಗೆ 28 ರೂ. ಅಂದ್ರೆ ದಿನಕ್ಕೆ 154 ರೂ. ಬತ್ತಿದಾಗ ಕೊಡೋ ಎರಡೂವರೆ ಕೆ.ಜಿ. ಸೇರಿಸಿದ್ರೆ ವರ್ಷಕ್ಕೆ 50,750 ರೂ.

ದಿನಕ್ಕೆ 5 ಕೆ.ಜಿ. ಒಣಹುಲ್ಲಿಗೆ ಸುಮಾರು 11,000 ರೂ. ಹನೂರು ಕಡೆ ರಾಗಿ ಹುಲ್ಲು, ಯಳಂದೂರು ಕಡೆ ಭತ್ತದ ಹುಲ್ಲು. ಭತ್ತದ ಹುಲ್ಲಲ್ಲಿ ಸತ್ವ ಕಡಿಮೆ, ಅದನ್ನೇ ಹಾಕೋರು ಮಿನರಲ್ ಮಿಕ್ಸ್ಚರ್ ಬಿಡಬಾರದು. ಮಿನರಲ್, ಔಷಧಿ, ಇಂಜೆಕ್ಷನ್‌ಗೆ 5,000, ವಿಮೆಗೆ 2,600. ಕಾಲುಬಾಯಿ ಜ್ವರದ ಲಸಿಕೆ ಪಶುಪಾಲನಾ ಇಲಾಖೆಯಿಂದ ಉಚಿತ. 40,000 ರೂ.ಗೆ ಶೀಟ್ ಕೊಟ್ಟಿಗೆ ಹಾಕಿಸಿ ಹತ್ತು ವರ್ಷ ಬಂತು ಅಂದ್ಕೊಂಡ್ರೆ ವರ್ಷಕ್ಕೆ 4,000.

ಒಟ್ಟು ಖರ್ಚು 73,350 ರೂ. ಉಳಿಯೋದು 31,650, ಅಂದ್ರೆ ತಿಂಗಳಿಗೆ 2,600 ಚಿಲ್ಲರೆ. ಮನೆಯವರ ಕೂಲಿ ಇದರಲ್ಲಿಲ್ಲ. ಹಸುವಿಗೆ 65,000 ಕೊಟ್ಟಿದ್ರೆ ಆ ದುಡ್ಡು ವಾಪಸ್ ಬರೋಕೆ ಎರಡು ವರ್ಷ ಬೇಕು. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತೆ, ಲೀಟರ್‌ಗೆ 5 ರೂ. ಅಂದ್ರೆ 15,000. ಅದು ಬಂದಾಗ ಬರಲಿ, ತಿಂಗಳ ಸಾಲದ ಕಂತಿಗೆ ನಂಬ್ಕೋಬೇಡಿ.

ಈ ಲೆಕ್ಕ ನಿಂತಿರೋದು ಸ್ವಂತ ಹಸಿಮೇವಿನ ಮೇಲೆ. ದಿನಕ್ಕೆ 20 ಕೆ.ಜಿ.ಯನ್ನ 3 ರೂ.ನಂತೆ ಕೊಂಡ್ರೆ 21,900 ಹೋಗಿ, ಉಳಿಯೋದು 9,750 ಮಾತ್ರ. ನೀರಿರೋ ಹತ್ತಿಪ್ಪತ್ತು ಗುಂಟೆ ಇಲ್ಲದವರು ಇಲ್ಲೇ ಸೋಲೋದು.

ಇನ್ನೊಂದು ಪೆಟ್ಟು ಬೆದೆ ತಪ್ಪೋದು. ವರ್ಷಕ್ಕೊಂದು ಕರು ಬೇಕಂದ್ರೆ ಕರು ಹಾಕಿದ 85 ದಿನದೊಳಗೆ ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದ್ರೆ ಮತ್ತೆ 21 ದಿನ ಕಾಯಬೇಕು. ಮುಂದೆ ಅಷ್ಟೂ ದಿನ ಹಾಲಿಲ್ಲದೆ ಮೇವು ಹಾಕಬೇಕು, ದಿನಕ್ಕೆ 100 ರೂ.ನಂತೆ 2,100. ಸರಿಸುಮಾರು ಒಂದು ತಿಂಗಳ ಉಳಿತಾಯ ಹೋಯ್ತು. ಹಸು ಸುಮ್ನೆ ಕೂಗೋದು, ಹಾಲು ದಿಢೀರ್ ಇಳಿಯೋದು, ಹಿಂದಿನಿಂದ ಗಾಜಿನಂಥ ಲೋಳೆ ಸುರಿಯೋದು ಬೆದೆಯ ಗುರುತು. ಬೆಳಿಗ್ಗೆ ಕಂಡ್ರೆ ಸಂಜೆ, ಸಂಜೆ ಕಂಡ್ರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಮಾಡಿಸಿ. ತಾರೀಖನ್ನ ಕೊಟ್ಟಿಗೆ ಗೋಡೆ ಮೇಲೆ ಬರೆದಿಡಿ, 21ನೇ ದಿನ ಮತ್ತೆ ನೋಡಬೇಕು.