ಬೆಂಗಳೂರಿನ ಕೇಂದ್ರವೂ ಜರ್ಮನಿಯ ಕೋಷ್ಟಕಗಳೂ: ಲೋಳೆ ಮತ್ತು ದೇಹೋಷ್ಣತೆಯ ಮೂಲಕ ಗರ್ಭನಿಯಂತ್ರಣದ ವಿಫಲತೆಯನ್ನು ಎಣಿಸುವ ಬಗೆ

ಸ್ತ್ರೀಯ ಋತುಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನಗಳನ್ನು ಗುರುತಿಸಿ, ಆ ದಿನಗಳಲ್ಲಿ ದಂಪತಿಗಳು ದೂರವಿರುವುದರಿಂದಲೇ ಸಂತಾನವನ್ನು ಮಿತಗೊಳಿಸಬಹುದೇ ಎಂಬ ಪ್ರಶ್ನೆಯನ್ನು ಕನ್ನಡನಾಡಿನ ನೆಲದಲ್ಲಿ ಎರಡು ಬಾರಿ ಪರೀಕ್ಷಿಸಲಾಗಿದೆ. ಮೊದಲನೆಯದು 1950ರ ದಶಕದ ಆರಂಭದಲ್ಲಿ, ಭಾರತ ಸರ್ಕಾರದ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು ಕಳುಹಿಸಿದ ಡಾಕ್ಟರ್ ಅಬ್ರಹಾಂ ಸ್ಟೋನರ ಸಲಹೆಯ ಮೇರೆಗೆ, ದೆಹಲಿಯ ಲೋದಿ ಕಾಲೊನಿಯಲ್ಲಿಯೂ ಮೈಸೂರು ರಾಜ್ಯದ ರಾಮನಗರದಲ್ಲಿಯೂ ನಡೆದ ಪ್ರಯೋಗ. ಅಲ್ಲಿ ಹೆಂಗಸರಿಗೆ ಬಣ್ಣಬಣ್ಣದ ಮಣಿಸರಗಳನ್ನು ಕೊಟ್ಟು ದಿನಗಳನ್ನು ಎಣಿಸುವುದನ್ನು ಕಲಿಸಿದರು. ಎರಡನೆಯದು 1970ರ ದಶಕದ ಉತ್ತರಾರ್ಧದಲ್ಲಿ, ಅದೇ ಸಂಸ್ಥೆಯು ಆಕ್ಲೆಂಡ್, ಡಬ್ಲಿನ್, ಮನಿಲಾ ಮತ್ತು ಎಲ್ ಸಾಲ್ವಡೋರಿನ ಸಾನ್ ಮಿಗೆಲ್‌ಗಳೊಂದಿಗೆ ಬೆಂಗಳೂರನ್ನೂ ಸೇರಿಸಿಕೊಂಡು ಐದು ಕೇಂದ್ರಗಳಲ್ಲಿ ನಡೆಸಿದ ಅಧ್ಯಯನ. ಮೊದಲನೆಯದರಲ್ಲಿ ಲೆಕ್ಕವಿದ್ದುದು ದಿನಗಳದು ಮಾತ್ರ. ಎರಡನೆಯದರಲ್ಲಿ ಹೆಂಗಸು ತನ್ನ ದೇಹದ ಲಕ್ಷಣವನ್ನು ತಾನೇ ಗಮನಿಸಿ ಬರೆದಿಟ್ಟಳು. ಈ ಎರಡನೆಯ ಅಧ್ಯಯನದಿಂದ ಹೊರಬಿದ್ದ ಅಂಕಿಗಳನ್ನು ಹೇಗೆ ಓದತಕ್ಕದ್ದು ಎಂಬುದೇ ಪ್ರಸ್ತುತ ಲೇಖನದ ವಿಷಯ; ಏಕೆಂದರೆ ಅವನ್ನು ತಪ್ಪಾಗಿ ಓದುವ ಅಭ್ಯಾಸವು ಇಂದಿಗೂ ನಿಂತಿಲ್ಲ.

ಮೊದಲು ಲಕ್ಷಣಗಳ ಸ್ವರೂಪವನ್ನು ನೋಡೋಣ. ಅಂಡವು ಪಕ್ವವಾಗುತ್ತಿರುವಾಗ ರಕ್ತದಲ್ಲಿ ಈಸ್ಟ್ರೋಜನ್ ಏರುತ್ತದೆ, ಅದರ ಪ್ರಭಾವದಿಂದ ಗರ್ಭಕಂಠವು ಒಸರುವ ಲೋಳೆಯು ಮೊದಲು ಅಂಟಂಟಾಗಿ, ಬರಬರುತ್ತ ತೆಳುವಾಗಿ, ಕೊನೆಗೆ ಲೋಳೆಸರದ ತಿರುಳಿನಂತೆ ಪಾರದರ್ಶಕವಾಗಿ ಎರಡು ಬೆರಳುಗಳ ನಡುವೆ ಎಳೆಯಾಗಿ ಹಿಗ್ಗುವಂತಾಗುತ್ತದೆ. ಅಂಡವು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಹೆಚ್ಚಿ ಲೋಳೆ ಮತ್ತೆ ಗಟ್ಟಿಯಾಗುತ್ತದೆ. ಅದೇ ದ್ರವ್ಯದ ಕಾರಣದಿಂದ ನಿದ್ರೆಯಿಂದೆದ್ದ ಕ್ಷಣದ ದೇಹೋಷ್ಣತೆಯು ಸೆಲ್ಸಿಯಸ್ ಮಾನದಲ್ಲಿ 0.2ರಿಂದ 0.5ರಷ್ಟು ಮೇಲೇರಿ ಮುಂದಿನ ಮುಟ್ಟಿನವರೆಗೆ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ. ವಿಲ್ಕಾಕ್ಸ್ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ, ಉತ್ತರ ಕೆರೊಲೈನಾದ 221 ಸ್ತ್ರೀಯರ ಅಧ್ಯಯನದಿಂದ ಗರ್ಭ ನಿಲ್ಲುವುದು ಅಂಡೋತ್ಸರ್ಗದ ದಿನವೂ ಅದಕ್ಕೆ ಹಿಂದಿನ ಐದು ದಿನಗಳೂ ಸೇರಿ ಆರು ದಿನಗಳಲ್ಲಿ ಮಾತ್ರವೆಂದು ತಿಳಿದುಬಂದಿತು. ಆರರಲ್ಲಿ ಐದು ದಿನಗಳು ಅಂಡೋತ್ಸರ್ಗಕ್ಕೆ ಮುಂಚಿನವು ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಲೋಳೆಯು ಮುಂದಾಗಿ ಎಚ್ಚರಿಸುತ್ತದೆ. ಉಷ್ಣತೆಯು ಎಲ್ಲ ಮುಗಿದ ಮೇಲೆ ದೃಢಪಡಿಸುತ್ತದೆ. ಆದುದರಿಂದ ಥರ್ಮಾಮೀಟರೊಂದನ್ನೇ ನಂಬಿದವಳಿಗೆ ಋತುಚಕ್ರದ ಪೂರ್ವಾರ್ಧದ ಬಗೆಗೆ ಅದು ಏನನ್ನೂ ಹೇಳಲಾರದು.

ಈ ಎರಡನ್ನೂ ಜೋಡಿಸಿದ ಪದ್ಧತಿಯು ಆಸ್ಟ್ರಿಯದ ಯೋಸೆಫ್ ರೋಟ್ಸರರಿಂದ ಮೊದಲ್ಗೊಂಡು ಜರ್ಮನಿಯಲ್ಲಿ ಸೆನ್ಸಿಪ್ಲಾನ್ ಎಂಬ ಹೆಸರಿನಿಂದ ಕ್ರಮಬದ್ಧವಾಯಿತು. ಅದರ ನಿಯಮವನ್ನು ಒಂದು ಕಲ್ಪಿತ ಕೋಷ್ಟಕದ ಮೇಲೆ ನಡೆಸಿ ನೋಡುವುದು ಒಳ್ಳೆಯದು. ಕಲಿಕೆಯ ಮೊದಲ ವರ್ಷದಲ್ಲಿರುವ ಗೃಹಿಣಿಯೊಬ್ಬಳಿಗೆ ಮುಟ್ಟು ಬಂದ ಮೊದಲ ಐದು ದಿನಗಳು ಬಾಧಕವಿಲ್ಲದವು, ಆರನೆಯ ದಿನದಿಂದ ಸಂಯಮ. ಒಂಬತ್ತನೆಯ ದಿನ ಅಂಟು ಲೋಳೆ ಕಂಡಿತು. ಹನ್ನೆರಡರಿಂದ ಅದು ಜಾರುವಂತಾಗಿ ಹದಿನೈದನೆಯ ದಿನ ಕೊನೆಯ ಬಾರಿ ಹಾಗಿದ್ದಿತು. ಇದೇ ಶಿಖರದಿನ. ಆದರೆ ಅದು ಶಿಖರವೆಂಬುದು ಆ ದಿನ ತಿಳಿಯುವುದಿಲ್ಲ, ಹದಿನಾರರಂದು ಲೋಳೆ ಮಾರ್ಪಟ್ಟ ಮೇಲೆಯೇ ತಿಳಿಯುತ್ತದೆ. ಅಲ್ಲಿಂದ ಮೂರು ದಿನ ಎಣಿಸಿದರೆ ಹದಿನೆಂಟು. ಇತ್ತ ಉಷ್ಣತೆಯು ಹನ್ನೊಂದರಿಂದ ಹದಿನಾರರವರೆಗಿನ ಆರು ಬೆಳಗುಗಳಲ್ಲಿ 36.35, 36.40, 36.30, 36.45, 36.40, 36.35 ಎಂದಿದ್ದು, ಹದಿನೇಳರಂದು 36.60, ಹದಿನೆಂಟರಂದು 36.65, ಹತ್ತೊಂಬತ್ತರಂದು 36.70 ಆಯಿತು. ನಿಯಮದ ಪ್ರಕಾರ ಈ ಮೂರೂ ಹಿಂದಿನ ಆರರಲ್ಲಿ ಅತ್ಯಧಿಕವಾದ 36.45ಕ್ಕಿಂತ ಮೇಲಿರಬೇಕು, ಮೂರನೆಯದು ಅದಕ್ಕಿಂತ ಕನಿಷ್ಠ 0.2ರಷ್ಟು ಮೇಲಿರಬೇಕು, ಎರಡು ನಿಬಂಧನೆಗಳೂ ಇಲ್ಲಿ ಪೂರೈಸಿವೆ. ಲೋಳೆ ಹದಿನೆಂಟಕ್ಕೆ ಅನುಮತಿ ಕೊಟ್ಟಿತು, ಉಷ್ಣತೆ ಹತ್ತೊಂಬತ್ತಕ್ಕೆ ಕೊಟ್ಟಿತು. ಇವೆರಡರಲ್ಲಿ ತಡವಾದುದೇ ಪ್ರಮಾಣವಾದುದರಿಂದ ಹತ್ತೊಂಬತ್ತನೆಯ ದಿನದ ಸಂಜೆಯಿಂದ ನಿರ್ಬಂಧವಿಲ್ಲ. ಹತ್ತೊಂಬತ್ತರಂದು 36.60 ಮಾತ್ರ ಬಂದಿದ್ದರೆ ಇನ್ನೊಂದು ಬೆಳಗು ಕಾಯಬೇಕಾಗುತ್ತಿತ್ತು.

ಇದೇ ಹೆಂಗಸಿಗೆ ಹದಿಮೂರನೆಯ ದಿನ ನೆಗಡಿಯಾಗಿ ಮೈ ಬಿಸಿಯಾಯಿತೆನ್ನೋಣ. ಮೂರು ಬೆಳಗು ಥರ್ಮಾಮೀಟರು 36.80, 36.90, 36.90 ತೋರಿಸುತ್ತದೆ. ಉಷ್ಣತೆಯನ್ನು ಮಾತ್ರ ನೋಡುವವಳು ಹದಿನೈದನೆಯ ದಿನದ ಸಂಜೆ ನಿರ್ಭಯಳಾಗುತ್ತಾಳೆ, ಎಂದರೆ ಗರ್ಭ ನಿಲ್ಲುವ ಸಂಭವ ಅತ್ಯಧಿಕವಾಗಿರುವ ಹೊತ್ತಿನಲ್ಲಿಯೇ. ಲೋಳೆಯನ್ನೂ ನೋಡುವವಳಿಗೆ ಅದು ಇನ್ನೂ ಜಾರುತ್ತಿರುವುದು ಕಂಡು ಮೋಸ ಗೊತ್ತಾಗುತ್ತದೆ. ಅವಳು ಆ ಮೂರು ಅಂಕಿಗಳನ್ನು ಕಂಸದೊಳಗಿಟ್ಟು ಲೆಕ್ಕದಿಂದ ಬಿಡುತ್ತಾಳೆ. ಒಂದು ಲಕ್ಷಣದ ತಪ್ಪನ್ನು ಇನ್ನೊಂದು ಲಕ್ಷಣವು ಹಿಡಿಯುವ ಈ ಏರ್ಪಾಡಿನಲ್ಲಿಯೇ ಜೋಡಿ ಪದ್ಧತಿಯ ಬಲವೆಲ್ಲ ಇದೆ. ಇದಕ್ಕಾಗಿ ಅವಳು ಹಾಸಿಗೆಯಿಂದೇಳುವ ಮುನ್ನ, ಒಲೆ ಹೊತ್ತಿಸುವ ಮುನ್ನ, ಅಳುವ ಕೂಸನ್ನು ಎತ್ತಿಕೊಳ್ಳುವ ಮುನ್ನ, ಮೂರು ನಿಮಿಷ ಬಾಯಲ್ಲಿ ಥರ್ಮಾಮೀಟರಿಟ್ಟುಕೊಂಡು ಅಲುಗದೆ ಮಲಗಿರಬೇಕು. ರಾತ್ರಿ ನಿದ್ರೆಗೆಟ್ಟರೆ ಅದನ್ನೂ ಬರೆದಿಡಬೇಕು. ಕೂಡುಕುಟುಂಬದ ಸೊಸೆಗೆ ಇದು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ನಮ್ಮ ಮನೆಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಬೆಂಗಳೂರು ಸೇರಿದ ಐದು ಕೇಂದ್ರಗಳಲ್ಲಿ ಪರೀಕ್ಷೆಗೊಳಗಾದುದು ಉಷ್ಣತೆಯನ್ನು ಬಳಸದ, ಲೋಳೆಯನ್ನೇ ಅವಲಂಬಿಸಿದ, ಮೆಲ್ಬರ್ನಿನ ಬಿಲಿಂಗ್ಸ್ ದಂಪತಿಗಳ ಪದ್ಧತಿ. ಕಲಿಕೆಗೆ ಸೇರಿದವರು 869 ಮಂದಿ, ಕಲಿತು ಮುಂದಿನ ಹದಿಮೂರು ಚಕ್ರಗಳ ಪರೀಕ್ಷೆಗೆ ನಿಂತವರು 725. ಇವರಲ್ಲಿ ಬಹುತೇಕರು ಮೊದಲ ಚಕ್ರದಲ್ಲಿಯೇ ತಮ್ಮ ಲೋಳೆಯ ಕ್ರಮವನ್ನು ಅರ್ಥವಾಗುವಂತೆ ಗುರುತಿಸಿದರೆಂಬುದು ನಿಜವಾಗಿಯೂ ಶ್ಲಾಘನೀಯವಾದ ಫಲಿತಾಂಶ; ಹೆಂಗಸರಿಗೆ ಇದು ತಿಳಿಯಲಾರದೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಆದರೆ 1981ರಲ್ಲಿ ಪ್ರಕಟವಾದ ಗರ್ಭಧಾರಣೆಯ ಲೆಕ್ಕವು ಬೇರೊಂದು ಕಥೆಯನ್ನು ಹೇಳಿತು: ನೂರು ಸ್ತ್ರೀವರ್ಷಗಳಿಗೆ 22ಕ್ಕೂ ಹೆಚ್ಚು ಬಸಿರು. ಇದರಲ್ಲಿ 15.4 ತಿಳಿದೂ ತಿಳಿದೂ ನಿಯಮ ಮೀರಿದುದರಿಂದ, 2.8 ಮಾತ್ರ ಪದ್ಧತಿಯ ಸ್ವಂತ ದೋಷದಿಂದ ಎಂದು ವಿಂಗಡಿಸಲಾಯಿತು. ಪದ್ಧತಿಯ ಪಕ್ಷಪಾತಿಗಳು 2.8 ಎಂಬ ಅಂಕಿಯನ್ನು ಹಿಡಿದು ಪದ್ಧತಿ ನಿರ್ದೋಷಿ, ಜನರೇ ದೋಷಿಗಳು ಎಂದರು. ಪ್ರತಿಪಕ್ಷದವರು 22 ಎಂಬ ಒಟ್ಟು ಅಂಕಿಯನ್ನು ಹಿಡಿದು ಅದು ನಿಷ್ಪ್ರಯೋಜಕವೆಂದರು.

1990ರಲ್ಲಿ ಟ್ರಸೆಲ್ ಮತ್ತು ಗ್ರಮ್ಮರ್-ಸ್ಟ್ರಾನ್ ಅದೇ ದತ್ತಾಂಶವನ್ನು ಮತ್ತೆ ಬಿಡಿಸಿ, ಎರಡು ಪಕ್ಷದವರೂ ಒಂದೇ ತಪ್ಪನ್ನು ಮಾಡಿದ್ದಾರೆಂದು ತೋರಿಸಿದರು. ತಪ್ಪಿದ್ದುದು ಭಾಜಕದಲ್ಲಿ. ನೂರು ಮಂದಿ ಹೆಂಗಸರು ಹದಿಮೂರು ಚಕ್ರಗಳಂತೆ 1,300 ಚಕ್ರಗಳನ್ನು ಕಳೆದರೆಂದೂ, ಅದರಲ್ಲಿ 1,200ರಲ್ಲಿ ನಿಯಮ ಪಾಲನೆಯಾಗಿ 100ರಲ್ಲಿ ಉಲ್ಲಂಘನೆಯಾಯಿತೆಂದೂ, ಪಾಲಿಸಿದ ಚಕ್ರಗಳಲ್ಲಿ 3, ಮೀರಿದ ಚಕ್ರಗಳಲ್ಲಿ 14 ಬಸಿರು ನಿಂತಿತೆಂದೂ ದೃಷ್ಟಾಂತಕ್ಕಾಗಿ ಭಾವಿಸೋಣ. ಹದಿನಾಲ್ಕನ್ನು 1,300ರಿಂದ ಭಾಗಿಸಿದರೆ ಅಪಾಯವು ಪ್ರತಿ ಚಕ್ರಕ್ಕೆ ನೂರರಲ್ಲಿ ಒಂದೆಂದು ತೋರುತ್ತದೆ. ಆದರೆ ಆ ಹದಿನಾಲ್ಕು ಹುಟ್ಟಿದ್ದು ನೂರು ಚಕ್ರಗಳಿಂದಲ್ಲವೇ? ಹಾಗೆ ಭಾಗಿಸಿದರೆ ಅದು ಏಳರಲ್ಲಿ ಒಂದಾಗುತ್ತದೆ. ಪ್ರತಿ ಚಕ್ರದಲ್ಲಿಯೂ ಹೀಗೆಯೇ ಮೀರುತ್ತ ಹೋದವರಲ್ಲಿ ವರ್ಷದ ಕೊನೆಗೆ ಬಸಿರಾಗದೆ ಉಳಿಯುವವರು ನೂರಕ್ಕೆ ಹದಿನಾಲ್ಕು ಮಂದಿ ಮಾತ್ರ. ನಿಜವಾದ ದತ್ತಾಂಶದಿಂದ ಅವರಿಗೆ ದೊರೆತ ಫಲವೂ ಹೆಚ್ಚುಕಡಿಮೆ ಇಂತಹುದೇ: ನಿಯಮವನ್ನು ಸಂಪೂರ್ಣವಾಗಿ ಪಾಲಿಸಿದವರಲ್ಲಿ ಮೊದಲ ವರ್ಷದ ವಿಫಲತೆ ಶೇಕಡಾ 3.1, ಪಾಲಿಸದ ಬಳಕೆಯಲ್ಲಿ ಶೇಕಡಾ 86.4.

ಈ ಎರಡು ಸಂಖ್ಯೆಗಳ ನಡುವಿನ ಕಂದಕವೇ ಈ ಪದ್ಧತಿಯ ವಿಶೇಷ ಲಕ್ಷಣವೆಂದು ನಾನು ತಿಳಿಯುತ್ತೇನೆ. ಮಾತ್ರೆ ನುಂಗುವವಳು ಒಂದು ದಿನ ಮರೆತರೆ ಹಿಂದಿನ ದಿನಗಳ ಮಾತ್ರೆಗಳು ಸ್ವಲ್ಪ ಮಟ್ಟಿಗೆ ಕಾಪಾಡುತ್ತವೆ. ಇಲ್ಲಿಯಾದರೋ ನಿಯಮ ಮೀರಿದ ದಿನವೇ ಗರ್ಭ ನಿಲ್ಲಬಲ್ಲ ದಿನ, ಆ ದಿನ ಕಾಪಾಡಲು ಮತ್ತೇನೂ ಇರುವುದಿಲ್ಲ. ನಮ್ಮ ಕೋಷ್ಟಕದ ಹೆಂಗಸು ಆರರಿಂದ ಹತ್ತೊಂಬತ್ತರವರೆಗೆ ಹದಿನಾಲ್ಕು ದಿನ ಸಂಯಮದಲ್ಲಿರಬೇಕಾಗಿತ್ತು. ತಿಂಗಳಿನ ಅರ್ಧವನ್ನು ಕೇಳುವ ನಿಯಮವು ಆಗಾಗ ಮೀರಲ್ಪಟ್ಟರೆ ಅದನ್ನು ಬಳಸಿದವರ ದೋಷವೆಂದು ಮಾತ್ರ ಬರೆದಿಡುವುದು ನ್ಯಾಯವಲ್ಲ. ಆ ಬೇಡಿಕೆಯೂ ಪದ್ಧತಿಯ ಒಂದು ಅಂಗವೇ.

ಜರ್ಮನಿಯಲ್ಲಿ ಜೋಡಿ ಪದ್ಧತಿಗೆ ದೊರೆತ ಅಂಕಿಗಳು ಇದಕ್ಕಿಂತ ಬಹು ಮೇಲ್ಮಟ್ಟದವು. ಫ್ರಾಂಕ್-ಹೆರ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ, 900 ಸ್ತ್ರೀಯರ 17,638 ಚಕ್ರಗಳ ಅಧ್ಯಯನದಲ್ಲಿ ಸಂಯಮವನ್ನು ಪೂರ್ಣವಾಗಿ ಪಾಲಿಸಿದಾಗಿನ ವಿಫಲತೆ ಹದಿಮೂರು ಚಕ್ರಗಳಿಗೆ ನೂರಕ್ಕೆ 0.4, ಎಲ್ಲ ಬಗೆಯ ಬಳಕೆಯನ್ನೂ ಸೇರಿಸಿದಾಗ 1.8. ಇದು ಮಾತ್ರೆಗೆ ಸಮನಾದ ಫಲಿತಾಂಶವೆಂದು ಹೇಳುವವರು ಸುಳ್ಳಾಡುತ್ತಿಲ್ಲ. ಆದರೆ ಅಲ್ಲಿಯ ದಂಪತಿಗಳು ತಾವಾಗಿಯೇ ಈ ಮಾರ್ಗವನ್ನು ಆರಿಸಿಕೊಂಡವರು, ತರಬೇತಾದ ಶಿಕ್ಷಕರಿಂದ ಕಲಿತವರು, ಗರ್ಭ ನಿಲ್ಲಬಹುದಾದ ದಿನಗಳಲ್ಲಿ ಹಲವರು ನಿರೋಧದಂಥ ಸಾಧನವನ್ನು ಬಳಸಿದವರು. ಎಲ್ಲಕ್ಕಿಂತ ಮಿಗಿಲಾಗಿ, ಗಂಡಹೆಂಡಿರಿಬ್ಬರೂ ಒಪ್ಪಿ ನಡೆದವರು. ಅಮೆರಿಕದ ಜನಸಮೀಕ್ಷೆಗಳಿಂದ ತೆಗೆದು ಬಹುಕಾಲ ಎಲ್ಲೆಡೆಯೂ ಉದ್ಧರಿಸಲ್ಪಟ್ಟ ಶೇಕಡಾ 24 ಎಂಬ ಅಂಕಿಯಾದರೋ ಇದಕ್ಕೆ ತೀರ ವಿರುದ್ಧವಾದ ಅಂಚಿನದು. ಅದರಲ್ಲಿ ಲೋಳೆಯನ್ನಾಗಲಿ ಉಷ್ಣತೆಯನ್ನಾಗಲಿ ನೋಡದೆ ಪಂಚಾಂಗದ ಲೆಕ್ಕವನ್ನೇ ನೆಚ್ಚಿದವರೇ ಹೆಚ್ಚು. 2018ರಲ್ಲಿ ಪೆರಗಾಯೊ ಉರ್ರುಟಿಯಾ ಮತ್ತು ಸಂಗಡಿಗರು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ತೂಗಿ ನೋಡಿದಾಗ ಉತ್ತಮ ಗುಣಮಟ್ಟದ್ದೆನ್ನಬಹುದಾದ ಅಧ್ಯಯನವು ಒಂದೂ ಸಿಕ್ಕಲಿಲ್ಲ.

ಆದುದರಿಂದ ಈ ಪದ್ಧತಿಯನ್ನು ಕಲಿಸುವ ವೈದ್ಯರಲ್ಲಿಯೂ ದಾದಿಯರಲ್ಲಿಯೂ ನನ್ನದೊಂದು ವಿನಂತಿ. 0.4 ಎಂಬ ಅಂಕಿಯನ್ನು ಹೇಳುವ ಮೊದಲು, ಎದುರಿಗೆ ಕುಳಿತ ಹೆಂಗಸನ್ನು ನಿನ್ನ ಗಂಡ ಹದಿನಾಲ್ಕು ದಿನ ಒಪ್ಪುತ್ತಾನೆಯೇ ಎಂದು ಏಕಾಂತದಲ್ಲಿ ಕೇಳಿರಿ. ಅವಳು ಇಲ್ಲವೆಂದರೆ, ಅಥವಾ ಉತ್ತರಿಸದೆ ತಲೆ ತಗ್ಗಿಸಿದರೆ, ಬೇರೊಂದು ಸಾಧನವನ್ನು ಅವಳ ಮುಂದಿಡಿರಿ.