ಸ್ಪ್ಲೈನ್ ಶಾಫ್ಟಿಗೆ ಗೇರ್ ಲೆಕ್ಕ ಹಾಕಬಹುದೇ? ಹೊರವ್ಯಾಸ, ಒಳವ್ಯಾಸ ಕಂಡುಹಿಡಿಯುವ ಬಗೆ

ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಪೀಣ್ಯದ ಕಡೆ ಹೋದರೆ, ಗಲ್ಲಿಗಲ್ಲಿಯಲ್ಲೂ ಲೇತ್, ಹಾಬಿಂಗ್ ಯಂತ್ರಗಳಿರುವ ಸಣ್ಣ ವರ್ಕ್‌ಶಾಪ್‌ಗಳು ಸಿಗುತ್ತವೆ. ತುಂಡಾದ ಶಾಫ್ಟ್ ತಂದು “ಇಂಥದ್ದೇ ಒಂದು ಮಾಡಿಕೊಡಿ” ಎನ್ನುವವರ ಬಳಿ ಡ್ರಾಯಿಂಗ್ ಇರುವುದು ಅಪರೂಪ. ಆಗ ಹಲ್ಲು ಎಣಿಸಿ, ವರ್ನಿಯರ್ ಹಿಡಿದು, ಗೇರ್ ಸೂತ್ರವನ್ನೇ ಹಾಕಿಬಿಡುವುದುಂಟು. ಸ್ಪ್ಲೈನ್ ಎಂದರೆ ಸಣ್ಣ ಹಲ್ಲಿನ ಗೇರ್ ತಾನೇ ಎಂಬ ನಂಬಿಕೆ ಇದಕ್ಕೆ ಕಾರಣ. ಈ ನಂಬಿಕೆ ಅರ್ಧ ಮಾತ್ರ ನಿಜ.

ಎಲ್ಲಿ ಹೋಲಿಕೆ, ಎಲ್ಲಿ ವ್ಯತ್ಯಾಸ?

ಎರಡರಲ್ಲೂ ಹಲ್ಲಿನ ಪಕ್ಕದ ಆಕಾರ ಇನ್ವೊಲ್ಯೂಟ್ ವಕ್ರರೇಖೆಯೇ. ಪಿಚ್ ವ್ಯಾಸವೂ ಒಂದೇ ರೀತಿ ಸಿಗುತ್ತದೆ: ಮಾಡ್ಯೂಲ್ ಗುಣಿಸು ಹಲ್ಲಿನ ಸಂಖ್ಯೆ. ಆದರೆ ಗೇರಿನಲ್ಲಿ ಒಂದೆರಡು ಹಲ್ಲುಗಳು ಉರುಳುತ್ತಾ ಭಾರ ಹೊರುತ್ತವೆ, ಹಾಗಾಗಿ ಅವು ಎತ್ತರವಾಗಿರಬೇಕು. ಸ್ಪ್ಲೈನಿನಲ್ಲಿ ಶಾಫ್ಟ್ ಮತ್ತು ಹಬ್ಬಿನ ಹಲ್ಲುಗಳೆಲ್ಲ ಒಟ್ಟಿಗೆ ಕಚ್ಚಿಕೊಂಡು ಕೂರುತ್ತವೆ, ಉರುಳುವಿಕೆ ಇಲ್ಲ. ಆದ್ದರಿಂದ ಹಲ್ಲು ಗಿಡ್ಡವಾಗಿದ್ದರೆ ಸಾಕು. ಪಿಚ್ ವೃತ್ತದಿಂದ ಮೇಲಕ್ಕೆ ಗೇರ್ ಹಲ್ಲು ಒಂದು ಮಾಡ್ಯೂಲ್‌ನಷ್ಟು ಎದ್ದರೆ, 30 ಡಿಗ್ರಿ ಸ್ಪ್ಲೈನಿನ ಹಲ್ಲು ಅರ್ಧ ಮಾಡ್ಯೂಲ್ ಮಾತ್ರ ಏಳುತ್ತದೆ.

ಒಂದು ಉದಾಹರಣೆ

ಮಾಡ್ಯೂಲ್ 2, ಹಲ್ಲು 20, ಒತ್ತಡ ಕೋನ 30 ಡಿಗ್ರಿ, ಬುಡ ಚಪ್ಪಟೆ ಎಂದಿಟ್ಟುಕೊಳ್ಳೋಣ. ಐಎಸ್‌ಒ 4156 ಮಾನದಂಡದ ಪ್ರಕಾರ ಮೂಲ ಅಳತೆಗಳು ಹೀಗೆ ಬರುತ್ತವೆ:

```
D = m × z = 40
ಶಾಫ್ಟ್ ಹೊರವ್ಯಾಸ = m(z + 1)   = 42
ಶಾಫ್ಟ್ ಒಳವ್ಯಾಸ  = m(z − 1.5) = 37
ಹಬ್ ಹೊರವ್ಯಾಸ   = m(z + 1.5) = 43
```

ಗೇರ್ ಸೂತ್ರ ಹಾಕಿದ್ದರೆ ಶಾಫ್ಟಿನ ಹೊರವ್ಯಾಸ m(z + 2), ಅಂದರೆ 44 ಮಿ.ಮೀ. ಬರುತ್ತಿತ್ತು. 43ರ ಹಬ್ಬಿನೊಳಗೆ ಅದು ಹೋಗುವುದೇ ಇಲ್ಲ.

ಇಲ್ಲಿ ಹಬ್ಬಿನ ಒಳವ್ಯಾಸ ಒಂದೇ ಬಾಕಿ. ಒತ್ತಡ ಕೋನ ಲೆಕ್ಕದೊಳಗೆ ನೇರವಾಗಿ ಬರುವುದು ಇಲ್ಲಿಯೇ. ಶಾಫ್ಟ್ ಹಲ್ಲಿನ ಬುಡದ ದುಂಡು ಮುಗಿದು ಇನ್ವೊಲ್ಯೂಟ್ ಶುರುವಾಗುವ ಜಾಗಕ್ಕಿಂತ ಸ್ವಲ್ಪ ಮೇಲೆಯೇ ಹಬ್ಬಿನ ಹಲ್ಲಿನ ತುದಿ ನಿಲ್ಲಬೇಕು. ಇಲ್ಲದಿದ್ದರೆ ತುದಿ ಆ ದುಂಡಿಗೆ ತಾಗುತ್ತದೆ. ಆ ಜಾಗದ ವ್ಯಾಸವನ್ನು ಮೊದಲು ಕಂಡುಕೊಂಡು, ಅದಕ್ಕೆ ಸಂದು ಸೇರಿಸುತ್ತೇವೆ:

```
Db  = m z cos α = 34.641
DFE = 2√[(Db/2)² + (D/2 · sin α − 0.6m / sin α)²]
    = 2√[300 + (10 − 2.4)²] = 37.829
ಹಬ್ ಒಳವ್ಯಾಸ = DFE + 0.2m = 38.229
```

ಈಗ ತಾಳೆ ನೋಡಿ. ತುದಿಯಲ್ಲಿ 42ಕ್ಕೆ 43, ಬುಡದಲ್ಲಿ 37ಕ್ಕೆ 38.23. ಎರಡೂ ಕಡೆ ಸಂದು ಉಳಿದಿದೆ. ಅಂದರೆ ಈ ಜೋಡಣೆಯಲ್ಲಿ ಭಾರ ಹೊರುವುದೂ ಶಾಫ್ಟನ್ನು ಮಧ್ಯಕ್ಕೆ ನಿಲ್ಲಿಸುವುದೂ ಹಲ್ಲಿನ ಪಕ್ಕಗಳೇ ಹೊರತು ತುದಿಯಾಗಲಿ ಬುಡವಾಗಲಿ ಅಲ್ಲ. ಇವು ಮೂಲ ಅಳತೆಗಳು. ಟಾಲರೆನ್ಸನ್ನು ಇವುಗಳ ಮೇಲೆ ಬೇರೆಯಾಗಿ ಹಾಕಬೇಕು.

ಹಳೆಯ ಶಾಫ್ಟಿನಿಂದ ಹಿಂದಕ್ಕೆ ಲೆಕ್ಕ

ಕೈಗೆ ಬಂದ ಶಾಫ್ಟಿನ ಹೊರವ್ಯಾಸ 41.9, ಹಲ್ಲು 20 ಎಂದುಕೊಳ್ಳಿ. 21ರಿಂದ ಭಾಗಿಸಿದರೆ 1.995, ಅಂದರೆ ಮಾಡ್ಯೂಲ್ 2. ಗೇರಿನಂತೆ 22ರಿಂದ ಭಾಗಿಸಿದರೆ 1.905 ಬರುತ್ತದೆ. ಅಂಥ ಮಾಡ್ಯೂಲಿನ ಹಾಬ್ ಅಂಗಡಿಯಲ್ಲಿ ಸಿಗುವುದಿಲ್ಲ. ತಪ್ಪು ಸೂತ್ರ ಹಾಕಿದ್ದೇವೆ ಎನ್ನಲು ಅದೇ ಸುಳಿವು.

ಆದರೆ ಅಳತೆ 41.6 ಬಂದರೆ? ಸವೆದಿರಬೇಕು ಎಂದು 42ಕ್ಕೆ ತಿರುಗಿಸಿಬಿಡಬೇಡಿ. ಅದೇ ಮಾಡ್ಯೂಲ್, ಅದೇ ಹಲ್ಲಿನ 45 ಡಿಗ್ರಿ ಸ್ಪ್ಲೈನಿಗೆ ಹೊರವ್ಯಾಸ m(z + 0.8), ಅಂದರೆ ಸರಿಯಾಗಿ 41.6. ಜರ್ಮನಿಯ ಡಿಐಎನ್ 5480 ಸ್ಪ್ಲೈನಿನಲ್ಲೂ ಇದೇ ಸಂಖ್ಯೆ ಬರಬಹುದು. ಅಲ್ಲಿ ಲೆಕ್ಕ ಶುರುವಾಗುವುದು ಪಿಚ್ ವ್ಯಾಸದಿಂದಲ್ಲ, 42ರಂಥ ದುಂಡು ಸಂಖ್ಯೆಯ ಉಲ್ಲೇಖ ವ್ಯಾಸದಿಂದ. ಶಾಫ್ಟಿನ ಹೊರವ್ಯಾಸ ಅದಕ್ಕಿಂತ 0.2m ಕಡಿಮೆ, ಅದೂ 41.6.

ಹಾಗಾದರೆ ಗುರುತಿಸುವುದು ಹೇಗೆ? ಹೊರವ್ಯಾಸ ಸವೆಯುವ ಭಾಗವಲ್ಲ ಎಂಬುದು ಮೊದಲ ಸುಳಿವು. ಹಲ್ಲಿನ ತುದಿ ಯಾವುದಕ್ಕೂ ಉಜ್ಜುವುದಿಲ್ಲವಾದ್ದರಿಂದ 0.4 ಮಿ.ಮೀ. ಕೊರತೆಗೆ ಸವೆತ ಕಾರಣವಾಗಿರುವುದು ಕಷ್ಟ. ಮುಂದಿನ ಹೆಜ್ಜೆ, ಎದುರುಬದುರಿನ ಸಂದುಗಳಲ್ಲಿ ಪಿನ್ ಇಟ್ಟು ಮೈಕ್ರೋಮೀಟರಿನಲ್ಲಿ ಅಳೆಯುವುದು. ಹಬ್‌ನೊಳಗೆ ಸಿಕ್ಕಿರದ, ಸವೆಯದ ಭಾಗವನ್ನೇ ಇದಕ್ಕೆ ಆರಿಸಿ. ಬೇರೆ ಬೇರೆ ದಪ್ಪದ ಎರಡು ಜೋಡಿ ಪಿನ್ನಿನಲ್ಲಿ ಅಳೆದು ಪ್ರತಿ ಮಾನದಂಡದ ಲೆಕ್ಕಕ್ಕೆ ಹೋಲಿಸಿದರೆ 30 ಡಿಗ್ರಿಯೋ 45 ಡಿಗ್ರಿಯೋ ತಿಳಿಯುತ್ತದೆ.

ಕೊನೆಗೊಂದು ಎಚ್ಚರಿಕೆ. ಹಲ್ಲಿನ ಪಕ್ಕ ನೇರವಾಗಿದ್ದರೆ ಈ ಸೂತ್ರಗಳು ಯಾವುವೂ ಅನ್ವಯಿಸವು. ಟ್ರ್ಯಾಕ್ಟರ್ ಹಿಂಬದಿಯ, 540 ಸುತ್ತಿನ, ಆರು ಹಲ್ಲಿನ ಪಿಟಿಒ ಶಾಫ್ಟ್ ಅಂಥದ್ದು. ಅದಕ್ಕೆ ಮಾಡ್ಯೂಲೇ ಇಲ್ಲ.